ಒಂದೇ ಕಾಫಿ ತೋಟ, ಮೂರು ಸಿದ್ಧಾಂತ: ಸ್ತರವಿನ್ಯಾಸದ ಪಾಠವನ್ನು ಕೋಷ್ಟಕಕ್ಕೆ ಇಳಿಸಿದ್ದು

ಸಮಾಜಶಾಸ್ತ್ರ ಎಂ.ಎ.ಗೆ ನಮಗೆ ಕೊಟ್ಟಿದ್ದ ಪಾಠಗಳಲ್ಲಿ ಸಾಮಾಜಿಕ ಸ್ತರವಿನ್ಯಾಸದ್ದು ಸ್ವಲ್ಪ ಉದ್ದ. ಸಮಾಜದಲ್ಲಿ ಮೇಲು ಕೀಳು ಯಾಕಿದೆ ಅನ್ನುವುದಕ್ಕೆ ಡೇವಿಸ್ ಮತ್ತು ಮೂರ್ ಏನು ಹೇಳಿದರು, ಅದಕ್ಕೆ ಟ್ಯೂಮಿನ್ ಏನು ತಕರಾರು ತೆಗೆದರು, ಮಾರ್ಕ್ಸ್ ಏನಂದರು, ವೇಬರ್ ಏನಂದರು, ಹೀಗೆ ಸಾಗುತ್ತದೆ. ಮೇಷ್ಟ್ರು ಕೇಳಿದ್ದು ಒಂದು ಪುಟದ ಕೋಷ್ಟಕ. ಪ್ರತಿ ಸಿದ್ಧಾಂತಕ್ಕೂ ಒಂದು ಉದಾಹರಣೆ ಇರಬೇಕು, ಅದು ಪುಸ್ತಕದ್ದಾಗಿರಬಾರದು.

ನಾನು ಓದುವುದು ಹಾಸನದಲ್ಲಿ, ಊರು ಮೂಡಿಗೆರೆ ಕಡೆ. ಅಪ್ಪ ಕಾಫಿ ತೋಟವೊಂದರಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ಹಾಗಾಗಿ ಮೂರೂ ಉದಾಹರಣೆಯನ್ನು ತೋಟದ ಸುತ್ತಮುತ್ತಲೇ ಹುಡುಕಬೇಕು ಅಂತ ಮೊದಲೇ ತೀರ್ಮಾನಿಸಿದೆ. ಇದು ಬರೀ ಊರಿನ ಪ್ರೀತಿಯಿಂದಲ್ಲ. ಸಾಮಾನ್ಯವಾಗಿ ಡೇವಿಸ್-ಮೂರ್‌ಗೆ ಡಾಕ್ಟರು, ಮಾರ್ಕ್ಸ್‌ಗೆ ಕಾರ್ಖಾನೆ, ವೇಬರ್‌ಗೆ ಜಾತಿ ಅಂತ ಬರೆದುಬಿಡುತ್ತೇವೆ. ಆಗ ಒಬ್ಬೊಬ್ಬರೂ ತಮಗೆ ಅನುಕೂಲವಾದ ಜಾಗದಲ್ಲೇ ನಿಂತು ಗೆಲ್ಲುತ್ತಾರೆ. ಹೋಲಿಕೆ ಆಗುವುದೇ ಇಲ್ಲ. ಒಂದೇ ಜಾಗ ಇಟ್ಟುಕೊಂಡರೆ ಯಾರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವುದು ಹೊರಗೆ ಬರುತ್ತದೆ.

ಕೋಷ್ಟಕಕ್ಕೆ ಎಷ್ಟು ಸಾಲು ಅನ್ನುವುದೇ ಮೊದಲ ಕೆಲಸ. ಪಾಠದಲ್ಲಿ ನಾಲ್ಕು ಉಪಶೀರ್ಷಿಕೆ ಇವೆ ಅಂತ ನಾಲ್ಕು ಸಾಲು ಹಾಕುವುದು ಸುಲಭ. ಆದರೆ ಟ್ಯೂಮಿನ್ 1953ರಲ್ಲಿ ಬರೆದದ್ದು ಹೊಸ ಸಿದ್ಧಾಂತವಲ್ಲ. ಡೇವಿಸ್ ಮತ್ತು ಮೂರ್ 1945ರಲ್ಲಿ ಬರೆದ ಲೇಖನಕ್ಕೆ ಅದೇ ಪತ್ರಿಕೆಯಲ್ಲಿ ಕೊಟ್ಟ ವಿಮರ್ಶೆ ಅದು. ಅವರಿಗೆ ಬೇರೆ ಸಾಲು ಕೊಟ್ಟರೆ ಅವರದೂ ಒಂದು ಸ್ವತಂತ್ರ ಸಿದ್ಧಾಂತ ಅನ್ನುವ ಹಾಗೆ ಕಾಣುತ್ತದೆ. ಅದಕ್ಕೆ ‘ತಕರಾರು’ ಅಂತ ಒಂದು ಕಾಲಂ ಮಾಡಿ ಅವರನ್ನು ಅಲ್ಲಿಗೆ ಕಳಿಸಿದೆ. ಉಳಿದವು ಮೂರು ಸಾಲು.

ಆಮೇಲೆ ‘ಯಾವ ಪ್ರಶ್ನೆಗೆ ಉತ್ತರ’ ಅನ್ನುವ ಕಾಲಂ. ನನ್ನ ಪ್ರಕಾರ ಇಡೀ ಕೋಷ್ಟಕದಲ್ಲಿ ಮುಖ್ಯವಾದದ್ದು ಇದೇ. ಡೇವಿಸ್-ಮೂರ್ ಕೇಳುವುದು ಕೆಲವು ಸ್ಥಾನಗಳಿಗೆ ಸಂಭಾವನೆ, ಮರ್ಯಾದೆ ಯಾಕೆ ಜಾಸ್ತಿ ಅಂತ. ಆ ಸ್ಥಾನಕ್ಕೆ ಯಾವ ವ್ಯಕ್ತಿ ಹೇಗೆ ಬಂದ ಅನ್ನುವುದು ಬೇರೆ ಪ್ರಶ್ನೆ ಅಂತ ಅವರೇ ಬಿಡಿಸಿ ಹೇಳುತ್ತಾರೆ. ಮಾರ್ಕ್ಸ್ ಕೇಳುವುದು ದುಡಿದವರು ಹುಟ್ಟಿಸಿದ ಮೌಲ್ಯ ಯಾರ ಕೈ ಸೇರುತ್ತದೆ, ಯಾಕೆ ಅಂತ. ವೇಬರ್ ಕೇಳುವುದು ಸಮಾಜದಲ್ಲಿ ಅಧಿಕಾರ ಎಷ್ಟು ಬಗೆಯಲ್ಲಿ ಹಂಚಿಕೆಯಾಗಿದೆ ಅಂತ. ಮೂರೂ ಒಂದೇ ಪ್ರಶ್ನೆ ಅಲ್ಲ ಅಲ್ವಾ? ಈ ಕಾಲಂ ಇಲ್ಲದಿದ್ದರೆ ಒಂದೇ ಪ್ರಶ್ನೆಗೆ ಮೂವರು ಮೂರು ಉತ್ತರ ಬರೆದರು ಅಂತ ಕೋಷ್ಟಕ ಸುಳ್ಳು ಹೇಳುತ್ತದೆ.

ಇನ್ನು ಉದಾಹರಣೆ. ಡೇವಿಸ್-ಮೂರ್ ಎರಡು ಕಾರಣ ಕೊಡುತ್ತಾರೆ. ಆ ಸ್ಥಾನ ಸಮಾಜಕ್ಕೆ ಎಷ್ಟು ಮುಖ್ಯ ಅನ್ನುವುದು ಒಂದು. ಅದನ್ನು ತುಂಬಬಲ್ಲ ಜನ ಎಷ್ಟು ಅಪರೂಪ ಅನ್ನುವುದು ಇನ್ನೊಂದು. ನನಗೆ ತಕ್ಷಣ ನೆನಪಾಗಿದ್ದು ಮರಗಸಿ. ಕಾಫಿಗೆ ನೆರಳು ಬೇಕು, ಆದರೆ ಜಾಸ್ತಿ ಆಗಬಾರದು. ಮಳೆಗಾಲಕ್ಕೆ ಮುಂಚೆ ನೆರಳಿನ ಮರದ ರೆಂಬೆ ಕಡಿದು ತೆಳು ಮಾಡದಿದ್ದರೆ ಗಾಳಿ ಬೆಳಕು ಸಾಲದೆ ಗಿಡಕ್ಕೆ ಕೊಳೆ ರೋಗ ಬೀಳುತ್ತದೆ. ಅಷ್ಟೆತ್ತರದ ಮರ ಹತ್ತಿ, ಕೆಳಗಿನ ಕಾಫಿ ಗಿಡ ಮುರಿಯದ ಹಾಗೆ ರೆಂಬೆ ಇಳಿಸುವವರು ಕಡಿಮೆ. ಅವರಿಗೆ ಕೂಲಿಯೂ ಜಾಸ್ತಿ. ಪುಸ್ತಕದ ಮಾತಿಗೆ ಸರಿಯಾಗಿ ಹೊಂದುತ್ತದೆ.

ಆದರೂ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ‘ಅಪ್ಪ, ಮರಗಸಿಯವರಿಗೆ ಯಾಕೆ ಜಾಸ್ತಿ ಕೊಡ್ತಾರೆ? ಹಣ್ಣು ಕೊಯ್ಯೋದಕ್ಕಿಂತ ಅದು ಮುಖ್ಯ ಅಂತಾನಾ?’

‘ಮುಖ್ಯ ಅಂದ್ರೆ ಎರಡೂ ಮುಖ್ಯಾನೇ ಮಗಾ. ಕೊಯ್ಯೋರು ಬರ್ಲಿಲ್ಲ ಅಂದ್ರೆ ಹಣ್ಣೆಲ್ಲ ಉದುರಿ ನೆಲಕ್ಕೆ ಹೋಗುತ್ತೆ. ಆದ್ರೆ ಕೊಯ್ಯೋಕೆ ಜನ ಹೆಂಗೋ ಸಿಗ್ತಾರೆ. ಮರ ಹತ್ತೋರು ಎಲ್ಲಿದಾರೆ?’

ಟ್ಯೂಮಿನ್ ತೆಗೆದ ಒಂದು ತಕರಾರು ಹೆಚ್ಚು ಕಡಿಮೆ ಇದೇ. ಒಂದು ಕೆಲಸ ಇನ್ನೊಂದಕ್ಕಿಂತ ಮುಖ್ಯ ಅಂತ ಅಳೆಯುವುದು ಹೇಗೆ? ಕಾರ್ಖಾನೆಯಲ್ಲಿ ಎಂಜಿನಿಯರುಗಳಿಲ್ಲದೆ ಕೆಲಸ ನಡೆಯದು, ಕುಶಲರಲ್ಲದ ಕೂಲಿಗಳಿಲ್ಲದೆಯೂ ನಡೆಯದು ಅಂತ ಅವರು ವಾದಿಸುತ್ತಾರೆ. ಮುಖ್ಯ ಅನ್ನುವ ಕಾರಣವನ್ನು ತೆಗೆದರೆ ಉಳಿಯುವುದು ಅಪರೂಪ ಅನ್ನುವುದು ಮಾತ್ರ. ಅಲ್ಲಿಂದ ಅವರು ಇನ್ನೂ ಮುಂದೆ ಹೋಗುತ್ತಾರೆ. ಅಪರೂಪ ಅನ್ನುವುದಾದರೂ ತಾನಾಗಿ ಬಂದದ್ದಾ? ಮೇಲು ಕೀಳು ಇರುವ ಸಮಾಜದಲ್ಲಿ ತರಬೇತಿ ಎಲ್ಲರಿಗೂ ಸಿಗುವುದಿಲ್ಲ, ಯಾರಲ್ಲಿ ಪ್ರತಿಭೆ ಇದೆ ಅಂತಲೂ ಗೊತ್ತಾಗುವುದಿಲ್ಲ. ಸೀಸನ್ನಿಗೆ ಬಂದು ಲೈನು ಮನೆಯಲ್ಲಿದ್ದು, ಕೊಯ್ಲು ಮುಗಿದ ಮೇಲೆ ಬೇರೆ ಊರಿಗೆ ಹೋಗುವವರ ಮಕ್ಕಳ ಓದು ನೆನೆಸಿಕೊಂಡರೆ ಈ ಮಾತು ಅರ್ಥವಾಗುತ್ತದೆ. ಇಷ್ಟನ್ನೂ ಕೋಷ್ಟಕದಲ್ಲಿ ತುರುಕಲಿಲ್ಲ. ‘ಮುಖ್ಯ ಅಂತ ಅಳೆಯುವುದು ಹೇಗೆ?’ ಅಂತ ಒಂದೇ ಸಾಲು.

ಮಾರ್ಕ್ಸ್‌ಗೆ ಉದಾಹರಣೆ ಹುಡುಕುವಾಗ ಎಚ್ಚರ ಬೇಕು. ಕಾಫಿ ರೇಟು ಏರಿದರೂ ಕೂಲಿ ಅಷ್ಟು ಏರಲಿಲ್ಲ ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ನಾನು ಅದನ್ನು ಬಿಟ್ಟೆ. ಯಾಕೆಂದರೆ ನಾಳೆ ರೇಟು ಬಿದ್ದರೆ ಶೋಷಣೆ ನಿಂತುಹೋಯಿತು ಅನ್ನಬೇಕಾಗುತ್ತದೆ. ಮಾರ್ಕ್ಸ್ ಹೇಳುವುದು ಮಾರುಕಟ್ಟೆ ರೇಟಿನ ಏರಿಳಿತವನ್ನಲ್ಲ. ಎಂಟು ಗಂಟೆ ದುಡಿಮೆಯಲ್ಲಿ ಮೊದಲ ನಾಲ್ಕು ಗಂಟೆಗೇ ಕೂಲಿಯಷ್ಟು ಮೌಲ್ಯ ಹುಟ್ಟಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಉಳಿದ ನಾಲ್ಕು ಗಂಟೆಯದ್ದು ಹೆಚ್ಚುವರಿ ಮೌಲ್ಯ. ತೋಟ ಯಾರದ್ದೋ ಅದು ಅವರಿಗೆ ಸೇರುತ್ತದೆ. ರೇಟು ಎಷ್ಟಿದ್ದರೂ ಈ ಸಂಬಂಧ ಹಾಗೇ ಇರುತ್ತದೆ.

ಆದರೆ ಹಣ್ಣು ಕೊಯ್ಯುವವರಿಗೆ ಎಷ್ಟೋ ಕಡೆ ಗಂಟೆ ಲೆಕ್ಕವಲ್ಲ, ಕೆ.ಜಿ. ಲೆಕ್ಕ. ಸಂಜೆ ಮೂಟೆ ತೂಕಕ್ಕೆ ಇಡುತ್ತಾರೆ. ಅಪ್ಪ ಪುಸ್ತಕದಲ್ಲಿ ಹೆಸರು, ಕೆ.ಜಿ., ದುಡ್ಡು ಅಂತ ಬರೆಯುತ್ತಾರೆ. ಕೊಯ್ದಷ್ಟಕ್ಕೆಲ್ಲ ದುಡ್ಡು ಬಂತಲ್ಲ, ಇನ್ನೆಲ್ಲಿಯ ಹೆಚ್ಚುವರಿ ಅನಿಸುತ್ತದೆ. ಮಾರ್ಕ್ಸ್ ಇದಕ್ಕೂ ಉತ್ತರ ಕೊಟ್ಟಿದ್ದಾರೆ. ‘ಬಂಡವಾಳ’ದ ಮೊದಲ ಸಂಪುಟದಲ್ಲಿ ತುಂಡುಗೂಲಿ ಅನ್ನುವುದು ದಿನಗೂಲಿಯ ಇನ್ನೊಂದು ವೇಷ ಅನ್ನುವ ಅರ್ಥದಲ್ಲಿ ಒಂದು ಅಧ್ಯಾಯವೇ ಇದೆ. ಒಬ್ಬರು ದಿನಕ್ಕೆ ಸುಮಾರು ಎಷ್ಟು ಮಾಡಬಲ್ಲರು ಅಂತ ನೋಡಿಕೊಂಡೇ ರೇಟು ನಿಗದಿಯಾಗುತ್ತದೆ. ಹಾಗಾಗಿ ನನ್ನ ಉದಾಹರಣೆ ಆ ತೂಕದ ಪುಸ್ತಕವೇ. ಅದರಲ್ಲಿ ಕೊಯ್ದವರಿಗೆ ಎಷ್ಟು ಸಿಕ್ಕಿತು ಅಂತ ಇರುತ್ತದೆ. ಅದೇ ಹಣ್ಣು ತೋಟಕ್ಕೆ ಎಷ್ಟು ತಂದಿತು ಅನ್ನುವುದು ಆ ಪುಸ್ತಕದಲ್ಲಿ ಇರುವುದಿಲ್ಲ.

ತಕರಾರು ನಮ್ಮ ಮನೆಯಲ್ಲೇ ಇತ್ತು. ಅಪ್ಪನನ್ನು ಯಾವ ಕಡೆ ಹಾಕೋಣ? ಅಪ್ಪನಿಗೆ ತೋಟ ಇಲ್ಲ, ಬದುಕು ಸಂಬಳದ್ದೇ. ಆದರೆ ತೂಕದ ಮುಂದೆ ನಿಲ್ಲುವುದು ಧಣಿಗಳ ಪರವಾಗಿ. ಮೇಸ್ತ್ರಿ, ರೈಟರು, ಮ್ಯಾನೇಜರು ಇವರನ್ನೆಲ್ಲ ಎರಡು ವರ್ಗದ ಲೆಕ್ಕದಲ್ಲಿ ಕೂರಿಸುವುದು ಕಷ್ಟ. ‘ಬಂಡವಾಳ’ದ ಮೂರನೇ ಸಂಪುಟದಲ್ಲಿ ವರ್ಗಗಳ ಬಗ್ಗೆ ಮಾರ್ಕ್ಸ್ ಶುರು ಮಾಡಿದ ಅಧ್ಯಾಯ ಅರ್ಧಕ್ಕೇ ನಿಂತಿದೆ. ಪೂರ್ತಿ ಆಗಿದ್ದರೆ ರೈಟರುಗಳಿಗೂ ಒಂದು ಜಾಗ ಸಿಗುತ್ತಿತ್ತೋ ಏನೋ!

ವೇಬರ್ ವರ್ಗ, ಅಂತಸ್ತು, ಪಕ್ಷ ಅಂತ ಮೂರು ಬೇರೆ ಮಾಡುತ್ತಾರೆ. ವೇಬರ್ ಪ್ರಕಾರ ವರ್ಗ ಅಂದರೆ ಮಾರುಕಟ್ಟೆಯಲ್ಲಿ ನಿಮ್ಮ ಸ್ಥಿತಿ. ಆಸ್ತಿ ಇರಬಹುದು, ಮಾರಬಹುದಾದ ಕೌಶಲ ಇರಬಹುದು. ಇಲ್ಲೊಂದು ತೊಡಕಿದೆ. ವರ್ಗಕ್ಕೆ ಉದಾಹರಣೆ ಕೊಟ್ಟರೆ ಮರಗಸಿಯವರು ಇಲ್ಲಿಗೂ ಹೊಂದಿಬಿಡುತ್ತಾರೆ, ಅಪರೂಪದ ಕೌಶಲಕ್ಕೆ ಒಳ್ಳೆ ಬೆಲೆ ಅಂತ. ಆದ್ದರಿಂದ ವೇಬರ್ ಸಾಲಿಗೆ ಅಂತಸ್ತನ್ನೇ ಆರಿಸಿದೆ. ನಮ್ಮ ಕಡೆ ಹಳೇ ಮನೆತನಗಳಿವೆ. ತೋಟದ ಮುಕ್ಕಾಲು ಪಾಲು ಮಾರಿಹೋಗಿರುತ್ತದೆ, ಮನೆಗೆ ಸುಣ್ಣ ಬಣ್ಣ ಕಂಡು ಕಾಲವಾಗಿರುತ್ತದೆ. ಆದರೂ ಸುಗ್ಗಿ ಹಬ್ಬದಲ್ಲಿ ಮೊದಲ ವೀಳ್ಯ ಅವರಿಗೇ. ಆ ತೋಟ ಕೊಂಡವರು ಪಕ್ಕದಲ್ಲೇ ನಿಂತಿರುತ್ತಾರೆ.

ಹೊಸದಾಗಿ ದುಡ್ಡು ಮಾಡಿದವರಿಗೆ ಮರ್ಯಾದೆ ಸಿಗಲಿಲ್ಲ ಅನ್ನುವುದಕ್ಕಿಂತ ಇದು ಗಟ್ಟಿ ಉದಾಹರಣೆ. ದುಡ್ಡು ಹೋದ ಮೇಲೂ ಅಂತಸ್ತು ನಿಂತಿದೆ ಅಂದರೆ ಎರಡೂ ಬೇರೆ ಅಂತ ಕಣ್ಣಿಗೆ ಕಾಣುತ್ತದೆ. ಇದಕ್ಕೂ ಮಿತಿ ಇದೆ. ಕಾಲ ಕಳೆದಂತೆ ಆಸ್ತಿಯೇ ಅಂತಸ್ತಾಗಿ ಬದಲಾಗುತ್ತದೆ ಅಂತ ವೇಬರ್ ತಾವೇ ಒಪ್ಪುತ್ತಾರೆ. ಮುಂದಿನ ತಲೆಮಾರಿಗೆ ಆ ವೀಳ್ಯ ಯಾರ ಕೈಗೆ ಹೋಗುತ್ತದೆ ಹೇಳುವುದು ಕಷ್ಟ.

ಕೊನೆಗೆ ಕೋಷ್ಟಕ ಹೀಗಾಯಿತು:

| ಸಿದ್ಧಾಂತ | ಯಾವ ಪ್ರಶ್ನೆಗೆ ಉತ್ತರ | ಉತ್ತರ | ಉದಾಹರಣೆ | ತಕರಾರು |
|---|---|---|---|---|
| ಡೇವಿಸ್-ಮೂರ್ | ಕೆಲವು ಸ್ಥಾನಕ್ಕೆ ಸಂಭಾವನೆ ಯಾಕೆ ಜಾಸ್ತಿ? | ಕೆಲಸ ಮುಖ್ಯ, ಮಾಡುವವರು ಅಪರೂಪ | ಮರಗಸಿಯವರ ಕೂಲಿ | ಟ್ಯೂಮಿನ್: ಮುಖ್ಯ ಅಂತ ಅಳೆಯುವುದು ಹೇಗೆ? |
| ಮಾರ್ಕ್ಸ್ | ದುಡಿಮೆಯ ಮೌಲ್ಯ ಯಾರಿಗೆ ಸೇರುತ್ತದೆ? | ಉತ್ಪಾದನೆಯ ಸಾಧನ ಯಾರ ಕೈಲಿದೆಯೋ ಅವರಿಗೆ | ಸಂಜೆಯ ತೂಕದ ಪುಸ್ತಕ | ರೈಟರು ಯಾವ ವರ್ಗ? |
| ವೇಬರ್ | ಅಧಿಕಾರ ಎಷ್ಟು ಬಗೆಯಲ್ಲಿ ಹಂಚಿದೆ? | ವರ್ಗ, ಅಂತಸ್ತು, ಪಕ್ಷ | ತೋಟ ಮಾರಿದ ಮನೆಗೆ ಮೊದಲ ವೀಳ್ಯ | ಮೂರರಲ್ಲಿ ಯಾವುದು ಯಾವಾಗ ಮೇಲಾಗುತ್ತದೆ? |

ಉದಾಹರಣೆ ಸರಿಯಿದೆಯಾ ಅಂತ ನೋಡಲು ನಾನು ಮಾಡುವುದು ಅದನ್ನು ಬೇರೆ ಸಾಲಿಗೆ ಸರಿಸಿ ಓದುವುದು. ಮೊದಲ ವೀಳ್ಯವನ್ನು ಮಾರ್ಕ್ಸ್ ಸಾಲಿಗೆ ತಂದರೆ ಅರ್ಥ ಕೆಡುತ್ತದೆ, ಯಾಕೆಂದರೆ ಆಸ್ತಿ ಈಗ ಪಕ್ಕದಲ್ಲಿ ನಿಂತವರದ್ದು. ಅಂದರೆ ಉದಾಹರಣೆ ಗಟ್ಟಿ. ‘ಮ್ಯಾನೇಜರಿಗೆ ಕೂಲಿಯವರಿಗಿಂತ ಸಂಬಳ ಜಾಸ್ತಿ’ ಅನ್ನುವುದು ಮೂರೂ ಸಾಲಿನಲ್ಲಿ ಆರಾಮಾಗಿ ಕೂರುತ್ತದೆ, ಅದಕ್ಕೇ ಅದು ಯಾವುದಕ್ಕೂ ಉದಾಹರಣೆಯಲ್ಲ. ಮರಗಸಿ ಮಾತ್ರ ವೇಬರ್ ಕಡೆಗೂ ಸ್ವಲ್ಪ ವಾಲುತ್ತದೆ. ಡೇವಿಸ್-ಮೂರ್ ಅವರದೇ ಅನ್ನಬಹುದಾದ ಭಾಗ ‘ಕೆಲಸ ಮುಖ್ಯ’ ಅನ್ನುವುದು. ಟ್ಯೂಮಿನ್ ಏಟು ಬೀಳುವುದೂ ಸರಿಯಾಗಿ ಅಲ್ಲಿಗೇ. ಅದಕ್ಕೆ ಆ ಉದಾಹರಣೆಯನ್ನು ಬದಲಿಸದೆ ಉಳಿಸಿಕೊಂಡೆ.

ವೇಬರ್ ಅವರ ಮೂರನೆಯದಾದ ಪಕ್ಷಕ್ಕೆ ಕೋಷ್ಟಕದಲ್ಲಿ ಉದಾಹರಣೆ ಸಿಗಲಿಲ್ಲ. ಒಂದು ಸಾಲಿಗೆ ಒಂದೇ ಅನ್ನುವುದು ಮೇಷ್ಟ್ರ ಷರತ್ತು. ಸಂಘಟಿತರಾಗಿ ಅಧಿಕಾರದ ಮೇಲೆ ಒತ್ತಡ ತರುವ ಯಾವ ಗುಂಪೂ ಇದರಲ್ಲಿ ಬರುತ್ತದೆ, ಬೆಳೆಗಾರರ ಸಂಘ, ಕಾರ್ಮಿಕ ಸಂಘ ಎರಡೂ. ಅದನ್ನು ಕೋಷ್ಟಕದ ಕೆಳಗೆ ಸುಮ್ನೆ ಎರಡು ಸಾಲಿನಲ್ಲಿ ಬರೆದು ಕೊಟ್ಟೆ.