ಅನುಭವ ಇಲ್ಲದವರ ಕವರ್ ಮೇಲ್ ಹೀಗಿರಲಿ

ಮೊದಲ ಕೆಲಸಕ್ಕೆ ಮೇಲ್ ಹಾಕುವ ಎಷ್ಟೋ ಜನ "ನನಗೆ ಅನುಭವ ಇಲ್ಲ, ಆದರೂ ಅವಕಾಶ ಕೊಡಿ" ಅಂತಲೇ ಶುರು ಮಾಡುತ್ತಾರೆ. ಆ ಸಾಲು ಬೇಡ. ಫ್ರೆಶರ್ ಅನ್ನೋದು ರೆಸ್ಯೂಮೆಯಲ್ಲೇ ಕಾಣುತ್ತದೆ, ಅಲ್ವಾ?

ಬಿ.ಕಾಂ ಮುಗಿಸಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೀರಿ ಅಂದುಕೊಳ್ಳಿ. ಸಬ್ಜೆಕ್ಟ್‌ನಲ್ಲಿ ಹುದ್ದೆ, ನಿಮ್ಮ ಹೆಸರು, ಪದವಿ ಸಾಕು. ಜಾಬ್ ಕೋಡ್ ಕೊಟ್ಟಿದ್ದರೆ ಅದನ್ನೂ ಸೇರಿಸಿ. ಮೊದಲ ಸಾಲಿನಲ್ಲಿ ಯಾವ ಕೆಲಸಕ್ಕೆ, ಜಾಹೀರಾತು ಎಲ್ಲಿ ನೋಡಿದಿರಿ ಅಂತ ಹೇಳಿ ಮುಂದೆ ಹೋಗಿ.

ಮುಖ್ಯವಾದದ್ದು ಎರಡನೇ ಪ್ಯಾರಾ. ಜಾಹೀರಾತಿನಲ್ಲಿ ಕೇಳಿದ್ದರಲ್ಲಿ ಒಂದನ್ನು ಆರಿಸಿಕೊಳ್ಳಿ. ಅದನ್ನು ನೀವು ಎಲ್ಲಿ ಮಾಡಿದ್ದೀರಿ ಅಂತ ಬರೆಯಿರಿ. ಸುಮ್ನೆ "ಟ್ಯಾಲಿ ಬರುತ್ತದೆ, ಕಷ್ಟಪಟ್ಟು ದುಡಿಯುತ್ತೇನೆ" ಅಂದರೆ ಏನೂ ತಿಳಿಯುವುದಿಲ್ಲ. "ಕಾಲೇಜು ಪ್ರಾಜೆಕ್ಟ್‌ಗಾಗಿ ಒಂದು ಕಿರಾಣಿ ಅಂಗಡಿಯ ಮೂರು ತಿಂಗಳ ಬಿಲ್‌ಗಳನ್ನು ಟ್ಯಾಲಿಯಲ್ಲಿ ಎಂಟ್ರಿ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿದ್ದೇನೆ" ಅಂದರೆ ಇಂಟರ್‌ವ್ಯೂನಲ್ಲಿ ಕೇಳಲು ಅವರಿಗೂ ಏನಾದರೂ ಸಿಗುತ್ತದೆ. ಮಾಡದೇ ಇದ್ದದ್ದನ್ನು ಮಾತ್ರ ಬರೆಯಬೇಡಿ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಕೊನೆಗೆ ಯಾವಾಗಿನಿಂದ ಸೇರಬಹುದು ಅಂತ ಒಂದು ಸಾಲು, ಕೆಳಗೆ ಫೋನ್ ನಂಬರ್. ಇಷ್ಟೆಲ್ಲಾ ಸೇರಿ ಮೊಬೈಲ್‌ನ ಒಂದು ಸ್ಕ್ರೀನ್‌ಗಿಂತ ಜಾಸ್ತಿ ಆಗದಿರಲಿ. ಅಟ್ಯಾಚ್ ಮಾಡುವ ಫೈಲ್ resume_final2.pdf ಅಂತ ಇದ್ದರೆ, ಕಳಿಸುವ ಮುಂಚೆ ಅದಕ್ಕೆ ನಿಮ್ಮ ಹೆಸರಿಡಿ.