ನಲ್ಲಿ ಮುಚ್ಚಿದರೂ ತಿರುಗುವ ಮೀಟರು

ನಮ್ಮ ನೀರಿನ ಮೀಟರಿನ ಗಾಜಿನ ಕೆಳಗೆ ನಕ್ಷತ್ರದ ಆಕಾರದ ಒಂದು ಪುಟ್ಟ ಚಕ್ರ ಇದೆ. ನೀರು ಸಣ್ಣಗೆ ಹರಿದರೂ ಮೊದಲು ಅಲ್ಲಾಡುವುದು ಅದೇ. ಬಿಲ್ಲು ಏರುತ್ತಲೇ ಇತ್ತು, ಮನೆಯಲ್ಲಿ ಎಲ್ಲೂ ತೇವ ಕಾಣುತ್ತಿರಲಿಲ್ಲ. ಹಾಗಾಗಿ ಗೋಡೆ ಒಡೆಸುವ ಮುಂಚೆ ಈ ಚಕ್ರವನ್ನೇ ನೋಡೋಣ ಅಂದುಕೊಂಡೆ.

ಮೊದಲು ಮೀಟರ್ ಓದುವುದು. ಕಪ್ಪು ಅಂಕಿಗಳು ಘನ ಮೀಟರ್ ಲೆಕ್ಕ. ಒಂದು ಘನ ಮೀಟರ್ ಅಂದರೆ 1000 ಲೀಟರ್. ಕೆಂಪು ಮುಳ್ಳಿನ ಪುಟ್ಟ ಡಯಲ್‌ಗಳು ಅದಕ್ಕಿಂತ ಚಿಕ್ಕ ಲೆಕ್ಕ ತೋರಿಸುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ×0.1, ×0.01, ×0.001, ×0.0001 ಎಂದು ಬರೆದಿರುತ್ತದೆ. ಮುಳ್ಳು ಎರಡು ಅಂಕಿಗಳ ಮಧ್ಯೆ ಇದ್ದರೆ ಹಿಂದೆ ದಾಟಿ ಬಂದ ಅಂಕಿಯನ್ನೇ ಹಿಡಿಯಬೇಕು. ಸೋರಿಕೆ ಹುಡುಕುವವರಿಗೆ ಮುಖ್ಯವಾದದ್ದು ×0.0001 ಡಯಲ್. ಅದರ ಮುಳ್ಳು ಪೂರ್ತಿ ಒಂದು ಸುತ್ತು ಬಂದರೆ ಸರಿಯಾಗಿ 1 ಲೀಟರ್ ಹೋಯಿತು ಅಂತ. ಎಲ್ಲ ಮೀಟರುಗಳಲ್ಲೂ ಡಯಲ್‌ಗಳು ಒಂದೇ ಥರ ಇರುವುದಿಲ್ಲ, ಅದಕ್ಕೇ ಪಕ್ಕದ ಬರಹ ಓದಿಕೊಂಡೇ ಶುರು ಮಾಡಬೇಕು.

ನಲ್ಲಿಗಳನ್ನೆಲ್ಲ ಮುಚ್ಚಿದರೆ ಸಾಲದು. ಮೇಲಿನ ಟ್ಯಾಂಕ್ ತುಂಬುತ್ತಿದ್ದರೆ ಮೀಟರ್ ತಿರುಗಿಯೇ ತಿರುಗುತ್ತದೆ. ಟ್ಯಾಂಕ್ ತುಂಬಿ ಫ್ಲೋಟ್ ವಾಲ್ವ್ ಮುಚ್ಚಿಕೊಳ್ಳುವವರೆಗೂ ಕಾದೆ. ವಾಷಿಂಗ್ ಮಷಿನ್, ನೀರಿನ ಫಿಲ್ಟರ್ ಎರಡನ್ನೂ ನಿಲ್ಲಿಸಿದೆ. ಇನ್ನೊಂದು ವಿಷಯ, ಕೊಳವೆಯಲ್ಲಿ ನೀರು ಒತ್ತಡದಿಂದ ಬರುತ್ತಿರುವಾಗಲೇ ಇದನ್ನು ಮಾಡಬೇಕು. ನೀರು ಬಿಡದ ಹೊತ್ತಿನಲ್ಲಿ ಚಕ್ರ ನಿಂತಿದ್ದರೆ ಅದಕ್ಕೆ ಯಾವ ಅರ್ಥವೂ ಇಲ್ಲ.

ಎಲ್ಲ ಮುಚ್ಚಿದ ಮೇಲೂ ನಮ್ಮ ನಕ್ಷತ್ರ ನಿಧಾನವಾಗಿ, ಬಿಡದೆ ಒಂದೇ ದಿಕ್ಕಿಗೆ ತಿರುಗುತ್ತಿತ್ತು. ಫೋನಿನಲ್ಲಿ ಸಮಯ ಹಿಡಿದು ನೋಡಿದೆ. ಸಣ್ಣ ಮುಳ್ಳು ಒಂದು ಸುತ್ತಿಗೆ ಎರಡೂವರೆ ನಿಮಿಷ ತೆಗೆದುಕೊಂಡಿತು. ಅಂದರೆ ಗಂಟೆಗೆ 24 ಲೀಟರ್, ದಿನಕ್ಕೆ 576. ತಿಂಗಳಿಗೆ 17 ಸಾವಿರ ಲೀಟರ್ ದಾಟುತ್ತದೆ! ಬಿಲ್ಲು ಏರದೆ ಇನ್ನೇನಾಗುತ್ತೆ?

ಎಲ್ಲಿ ಅಂತ ತಿಳಿಯಲು ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದೆ. ಮೊದಲು ಮೀಟರಿನ ಪಕ್ಕದ ವಾಲ್ವ್. ಚಕ್ರ ನಿಂತಿತು. ವಾಲ್ವ್ ಸರಿಯಾಗಿ ಹಿಡಿಯುತ್ತದೆ, ಸೋರಿಕೆ ಅದರಾಚೆ ಇದೆ ಅಂತ ಆಯಿತು. ಅದನ್ನು ತೆರೆದು, ಟ್ಯಾಂಕಿಗೆ ಹೋಗುವ ಕೊಳವೆಯ ವಾಲ್ವ್ ಮುಚ್ಚಿದೆ. ಚಕ್ರ ನಿಲ್ಲಲಿಲ್ಲ, ನಿಧಾನವಾಯಿತು ಅಷ್ಟೆ. ಈಗ ಒಂದು ಸುತ್ತಿಗೆ ನಾಲ್ಕು ನಿಮಿಷ, ಗಂಟೆಗೆ 15 ಲೀಟರ್. ಉಳಿದ 9 ಲೀಟರ್ ಟ್ಯಾಂಕಿನ ಕಡೆ ಹೋಗುತ್ತಿದೆ. ಸೋರಿಕೆ ಒಂದಲ್ಲ, ಎರಡು! ಬರೀ ತಿರುಗುತ್ತಾ ಇಲ್ಲವಾ ಅಂತ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಸಮಯ ಹಿಡಿದದ್ದರಿಂದ ಗೊತ್ತಾಯಿತು.

ಟ್ಯಾಂಕಿನ ಕಡೆ ಅಂದ ಕೂಡಲೇ ನನ್ನ ಅನುಮಾನ ಫ್ಲಶ್ ಟ್ಯಾಂಕಿನ ಮೇಲೆ. ಅದರೊಳಗೆ ಅಡುಗೆ ಬಣ್ಣದ ಕೆಲವು ಹನಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ ಅಂದೆ. ಕಮೋಡಿನ ನೀರು ಕೆಂಪಗಾಗಿತ್ತು. ನೀರಿನ ಮಟ್ಟ ಒಳಗಿನ ಓವರ್‌ಫ್ಲೋ ಕೊಳವೆಯ ಬಾಯಿಗಿಂತ ಕೆಳಗೇ ಇತ್ತು, ಹಾಗಾಗಿ ಕೆಳಗಿನ ರಬ್ಬರ್ ಸವೆದಿದೆ ಎಂದು ಖಚಿತವಾಯಿತು. ನೀರು ಆ ಬಾಯಿಯವರೆಗೂ ಏರಿದ್ದರೆ ಫ್ಲೋಟನ್ನು ತಗ್ಗಿಸಿದರೆ ಸಾಕಾಗುತ್ತಿತ್ತು.

ಇನ್ನೊಂದು ಕಷ್ಟದ್ದು. ಟ್ಯಾಂಕಿನ ವಾಲ್ವ್ ಮುಚ್ಚಿಟ್ಟೇ ಗಿಡಗಳಿಗೆ ಹೋಗುವ ಕವಲಿನ ವಾಲ್ವನ್ನೂ ಮುಚ್ಚಿದೆ, ಚಕ್ರ ಪೂರ್ತಿ ನಿಂತಿತು. ಆ ಕೊಳವೆ ಮಣ್ಣಿನೊಳಗೆ ಹೋಗುತ್ತದೆ. ವಾಲ್ವ್ ಮತ್ತೆ ತೆರೆದು, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಕೊಳವೆ ಮೇಲೆ ಕಾಣುವ ಜಾಗಗಳಲ್ಲಿ ಊರಿ, ಹಿಡಿಗೆ ಕಿವಿ ಹಚ್ಚಿದೆ. ಗಿಡದ ನಲ್ಲಿಯ ಬುಡದಲ್ಲಿ 'ಸ್ಸ್' ಅನ್ನುವ ಸದ್ದು ಜೋರಾಗಿತ್ತು. ಅಲ್ಲಿ ಅಗೆದಾಗ ಎಲ್ಬೋ ಬಿರುಕು ಬಿಟ್ಟಿತ್ತು. ಕೆಳಗೆ ಜಲ್ಲಿ ಇದ್ದದ್ದರಿಂದ ನೀರು ಸೀದಾ ಇಳಿದು ಹೋಗುತ್ತಿತ್ತು, ಮೇಲೆ ತೇವ ಎಲ್ಲಿಂದ ಬರಬೇಕು?

ಚಕ್ರದ ನಡೆಯಿಂದಲೂ ಬಹಳಷ್ಟು ಊಹಿಸಬಹುದು. ಬಿಡದೆ ಒಂದೇ ವೇಗದಲ್ಲಿ ತಿರುಗಿದರೆ ಸಾಮಾನ್ಯವಾಗಿ ಕೊಳವೆಯ ಸೋರಿಕೆ, ಇಲ್ಲವೇ ಫ್ಲೋಟ್ ವಾಲ್ವ್ ಸ್ವಲ್ಪವೇ ತೆರೆದು ನಿಂತಿದೆ. ತುಂಬಾ ಹೊತ್ತು ಸುಮ್ನೆ ಇದ್ದು ಆಮೇಲೆ ಜೋರಾಗಿ ತಿರುಗಿ ಮತ್ತೆ ನಿಂತರೆ, ಯಾವುದೋ ಟ್ಯಾಂಕ್ ಸ್ವಲ್ಪ ಸ್ವಲ್ಪ ಖಾಲಿಯಾಗಿ ಮತ್ತೆ ತುಂಬಿಕೊಳ್ಳುತ್ತಿದೆ. ಇಂಥದ್ದನ್ನು ಹಿಡಿಯಲು ಐದು ನಿಮಿಷ ನೋಡಿದರೆ ಆಗದು. ರಾತ್ರಿ ಮಲಗುವಾಗ ಡಯಲಿನ ಫೋಟೋ ತೆಗೆದು, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೊಂದು ತೆಗೆಯಬೇಕು. ಚಕ್ರ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದರೆ ಗಾಬರಿ ಬೇಡ. ಅದು ಹೊರಗಿನ ಕೊಳವೆಯ ಒತ್ತಡ ಏರಿಳಿಯುವುದರಿಂದಲೂ ಆಗುತ್ತದೆ.

ರಿಪೇರಿ ಆದ ಮೇಲೆ ನಮ್ಮ ಚಕ್ರ ನಿಂತಿದೆ. ಆದರೂ ಬಚ್ಚಲ ನಲ್ಲಿಯೊಂದು ತೊಟ್ಟಿಕ್ಕುತ್ತದೆ, ಮೀಟರ್ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಪ್ರತಿ ಮೀಟರೂ ತಿರುಗಲು ಶುರುಮಾಡಲು ಇಷ್ಟು ಹರಿವು ಬೇಕು ಅಂತ ಇರುತ್ತದೆ, ಅದಕ್ಕಿಂತ ಕಮ್ಮಿ ಆದರೆ ಚಕ್ರ ಅಲ್ಲಾಡುವುದಿಲ್ಲ. ಅಂಥ ನಲ್ಲಿಗಳಿಗೆ ಕೆಳಗೊಂದು ಬಕೆಟ್ ಇಟ್ಟು ನೋಡುವುದೇ ದಾರಿ.