ಸ್ಕೂಟರ್ ಬಿಸಿಲಿನ ಗೆರೆಗೆ ಮದುವೆ ಮೇಕಪ್: ನನ್ನ ಅನುಭವ

ದಿನಾ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ ಮದುಮಗಳ ಮೈಯಲ್ಲಿ ಮೂರ್ನಾಲ್ಕು ಬಣ್ಣ ಕಾಣುತ್ತವೆ. ಕೆನ್ನೆ, ಮೂಗು ಕಂದಿರುತ್ತವೆ. ಗದ್ದದ ನೆರಳಿನಲ್ಲಿರುವ ಕುತ್ತಿಗೆ ತಿಳಿ. ಕುರ್ತಾದ ಕೊರಳಿನ ಆಕಾರದಲ್ಲಿ ಎದೆಯ ಮೇಲ್ಭಾಗ ಮತ್ತೆ ಕಂದು. ತೋಳು ಮುಗಿದ ಕಡೆ ಕೈಗೆ ನೇರವಾದ ಒಂದು ಗೆರೆ.

ಫೌಂಡೇಶನ್ ಶೇಡನ್ನು ದವಡೆಯ ಅಂಚಿನಲ್ಲಿ ನೋಡಿ ಆರಿಸುವುದು ರೂಢಿ. ಇಂಥವರಿಗೆ ಅದು ಕೈಕೊಡುತ್ತದೆ. ಕೆಳಗಿನ ತಿಳಿ ಕುತ್ತಿಗೆಗೆ ಹೊಂದಿಸಿದರೆ ಮುಖ ಬೇರೆ, ಎದೆ ಬೇರೆ ಎನಿಸುತ್ತದೆ. ನಾನು ನೋಡುವುದು ಕೊರಳೆಲುಬಿನ ಕೆಳಗೆ, ಬ್ಲೌಸಿನ ಕೊರಳಿಗಿಂತ ಎರಡು ಬೆರಳು ಮೇಲೆ. ಫೋಟೋದಲ್ಲಿ ಮುಖದ ಜೊತೆ ಹೆಚ್ಚು ಕಾಣುವ ಜಾಗ ಅದೇ. ಅಕ್ಕಪಕ್ಕದ ಮೂರು ಶೇಡುಗಳನ್ನು ಅಲ್ಲಿ ಒಂದೊಂದು ಗೆರೆ ಎಳೆದು, ಕಿಟಕಿಯ ಬೆಳಕಿನಲ್ಲಿ ಹತ್ತು ಹದಿನೈದು ನಿಮಿಷ ಬಿಡುತ್ತೇನೆ. ಕೆಲವು ಫೌಂಡೇಶನ್ ಒಣಗಿದ ಮೇಲೆ ಅರ್ಧ ಶೇಡು ಕಪ್ಪಾಗುತ್ತವೆ. ಹಚ್ಚಿದ ತಕ್ಷಣ ಕಂಡದ್ದನ್ನು ನಂಬಬಾರದು.

"ಸ್ವಲ್ಪ ಬೆಳ್ಳಗೆ ಮಾಡಿ ಮೇಡಂ" ಎಂದು ಮನೆಯವರು ಕೇಳುತ್ತಾರೆ. ಕಂದಿದ ಕೆನ್ನೆಯ ಮೇಲೆ ತಿಳಿ ಶೇಡು ಹಾಕಿದರೆ ಅದು ಬೆಳ್ಳಗಾಗುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತದೆ. ತೀರಾ ಕಪ್ಪಾದ ಜಾಗಕ್ಕೆ, ಅಂದರೆ ಬಾಯಿಯ ಸುತ್ತ ಮತ್ತು ಹಣೆಯ ಅಂಚಿಗೆ, ಮೊದಲು ಕಿತ್ತಳೆ ಕರೆಕ್ಟರನ್ನು ಚರ್ಮ ಕಾಣುವಷ್ಟು ತೆಳ್ಳಗೆ ಒತ್ತಿ, ಅದರ ಮೇಲೆ ಎದೆಯ ಶೇಡು ಹಾಕಬೇಕು.

ಉಳಿದದ್ದು ಕುತ್ತಿಗೆ ಮತ್ತು ಕೈ. ಇಲ್ಲಿ ನನ್ನ ನಿಯಮ ಒಂದೇ: ಕಪ್ಪನ್ನು ಬಿಳಿ ಮಾಡಲು ಹೋಗಬೇಡಿ, ತಿಳಿಯಿರುವುದನ್ನು ಕಂದಿಗೆ ಹತ್ತಿರ ತನ್ನಿ. ಕಪ್ಪನ್ನು ಮುಚ್ಚಲು ದಪ್ಪ ಪದರ ಬೇಕು, ಅದು ಬೆವರಿಗೆ ಬಿರಿಯುತ್ತದೆ, ರೇಷ್ಮೆ ಸೀರೆಗೆ ಹತ್ತುತ್ತದೆ. ತಿಳಿ ಚರ್ಮವನ್ನು ಗಾಢ ಮಾಡಲು ತೆಳು ಪದರ ಸಾಕು.

ಒಂದು ಉದಾಹರಣೆ. ಮುಕ್ಕಾಲು ತೋಳಿನ ಕುರ್ತಾ ತೊಡುವ ಹುಡುಗಿ, ಮದುವೆಗೆ ಮೊಣಕೈ ಮೇಲಿನ ತೋಳಿನ ಬ್ಲೌಸ್. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಬಿಸಿಲಿನ ಗೆರೆ. ಎದೆಯ ಶೇಡು ಎರಡು ಪಾಲು, ಅದಕ್ಕಿಂತ ಒಂದು ಹಂತ ಗಾಢವಾದದ್ದು ಒಂದು ಪಾಲು ಬೆರೆಸಿ, ಒದ್ದೆ ಸ್ಪಾಂಜಿನಲ್ಲಿ ಗೆರೆಯ ಮೇಲಿನ ತಿಳಿ ಭಾಗಕ್ಕೆ ಹಚ್ಚಿದೆ. ಗೆರೆ ದಾಟಿ ಮೂರು ಬೆರಳು ಕೆಳಗಿನವರೆಗೆ, ಸ್ಪಾಂಜಿನಲ್ಲಿ ಉಳಿದದ್ದರಿಂದಲೇ ಒತ್ತುತ್ತ ಮಾಸಿಸಿದೆ. ಉಜ್ಜಿದ್ದರೆ ಹೊಸ ಗೆರೆ ಮೂಡುತ್ತಿತ್ತು. ಆಮೇಲೆ ಬಣ್ಣವಿಲ್ಲದ ಪೌಡರ್, ಸೆಟ್ಟಿಂಗ್ ಸ್ಪ್ರೇ, ಐದು ನಿಮಿಷ ಕೈ ಚಾಚಿ ಒಣಗಿಸುವುದು. ಸೀರೆ ಉಡಿಸುವುದು ಅದಾದ ಮೇಲೆಯೇ.

ಮೆಹಂದಿ ಇರುವ ಜಾಗಕ್ಕೆ ಫೌಂಡೇಶನ್ ತಾಗಿಸುವುದಿಲ್ಲ, ಅದರ ಕೆಂಪು ಮಂಕಾಗುತ್ತದೆ. ವಾಚಿನ ಗುರುತನ್ನು ಬಳೆಗಳಿಗೆ ಬಿಡುತ್ತೇನೆ. ಧಾರೆಯಲ್ಲಿ ಕೈಮೇಲೆ ಹಾಲು ನೀರು ಬೀಳುವುದರಿಂದ ಅಲ್ಲಿ ಹಚ್ಚಿದ್ದು ಹೇಗೂ ಇಳಿದುಹೋಗುತ್ತದೆ.